41 ಡಿಗ್ರಿ ತೋರಿಸಿದ ಲಗ್ ಸುಟ್ಟಿದ್ದು ಹೇಗೆ?

ಪ್ರಶ್ನೆ: ರೈಸ್ ಮಿಲ್ ಎಲೆಕ್ಟ್ರಿಷಿಯನ್, ದಾವಣಗೆರೆ

ಅಣ್ಣಾ, ಥರ್ಮೋಗ್ರಫಿ ಲೆವೆಲ್ 1 ಪಾಸಾಯ್ತು ಅಂತ ಸರ್ಟಿಫಿಕೇಟ್ ಫೋಟೋ ಹಾಕಿದ್ರಿ, ಖುಷಿ ಆಯ್ತು. ಅಲ್ಲಿ ಹೊಸದಾಗಿ ಏನು ಕಲಿತ್ರಿ? ಕೇಳೋಕೆ ಕಾರಣ ಐತಿ. ನಮ್ಮ ಮಿಲ್ ಪ್ಯಾನೆಲ್‌ನಾಗೆ ಆರ್ ಫೇಸ್ ಕೇಬಲ್ ತುದಿಗೆ ಹಾಕಿದ ಲಗ್ 41 ಡಿಗ್ರಿ, ಅದರ ಪಕ್ಕದ ಕೇಬಲ್ 62 ಅಂತ ಥರ್ಮಲ್ ಕ್ಯಾಮೆರಾದಾಗ ಬಂತು. ಲಗ್ ತಣ್ಣಗೈತಿ ಅಂತ ಬಿಟ್ವಿ. ಎಂಟನೇ ದಿನಕ್ಕೆ ಅದೇ ಲಗ್ ಸುಟ್ಟು ಕರಕಲಾಯ್ತು. ಕ್ಯಾಮೆರಾ ಕೆಟ್ಟೈತಾ?

ಉತ್ತರ: ಕಂಡಿಷನ್ ಮಾನಿಟರಿಂಗ್ ಟೆಕ್ನಿಷಿಯನ್, ಚಿತ್ರದುರ್ಗ

ಕ್ಯಾಮೆರಾ ಚೆನ್ನಾಗೇ ಇದೆ ತಮ್ಮಾ. ಸುಳ್ಳು ಹೇಳಿದ್ದು ಲಗ್ಗು.

ನಾಲ್ಕು ದಿನದ ಕೋರ್ಸಿನಲ್ಲಿ ನನಗೆ ಮುಖಕ್ಕೆ ಹೊಡೆದಂತಾದ ಪಾಠ ಇದೊಂದೇ. ಮನೆಯಲ್ಲೇ ನೋಡಬಹುದು. ಬೂದಿ ಹಾಕಿ ಫಳಫಳ ತಿಕ್ಕಿದ ಸ್ಟೀಲ್ ಚೊಂಬಿಗೆ ಕುದಿಯೋ ನೀರು ಹುಯ್ಯಿರಿ, ಕ್ಯಾಮೆರಾ ಹಿಡೀರಿ. ಚೊಂಬು ಅಷ್ಟು ಬಿಸಿ ಅಂತ ಕಾಣಲ್ಲ, ಅದರಲ್ಲಿ ನಿಮ್ಮ ಮುಖದ ಬಿಸಿ ಕಾಣುತ್ತೆ. ಅದೇ ಚೊಂಬಿನ ಒಂದು ಮಗ್ಗುಲಿಗೆ ಒಲೆ ಮಸಿ ಹಿಡಿದಿದ್ದರೆ ಅಷ್ಟು ಜಾಗ ಮಾತ್ರ ನಿಜವಾದ ಬಿಸಿ ತೋರಿಸುತ್ತೆ. ಕ್ಯಾಮೆರಾ ಓದೋದು ಮೇಲ್ಮೈಯಿಂದ ಹೊರಡೋ ಶಾಖದ ಕಿರಣವನ್ನ. ಮಸಿ, ಪೇಂಟು, ಕೇಬಲ್ಲಿನ ಪಿವಿಸಿ ಇವೆಲ್ಲ ತಮ್ಮ ಶಾಖವನ್ನ ಧಾರಾಳವಾಗಿ ಬಿಡುತ್ತವೆ. ಆ ಗುಣದ ಅಳತೆಯೇ ಎಮಿಸಿವಿಟಿ, ಇವಕ್ಕೆ 0.95ರ ಆಸುಪಾಸು. ಹೊಳೆಯೋ ತಾಮ್ರ, ತವರ ಲೇಪದ ಲಗ್ಗು 0.1ಕ್ಕೂ ಕಡಿಮೆ ಇರಬಹುದು. ಉಳಿದಿದ್ದೆಲ್ಲ ಎದುರಿಗಿರೋದರ ಪ್ರತಿಬಿಂಬ.

ಲೆಕ್ಕ ಹಾಕಿ ನೋಡಿದೆ. ಲಗ್ 0.1, ಪ್ಯಾನೆಲ್ ಒಳಗೆ 33 ಡಿಗ್ರಿ, ಕ್ಯಾಮೆರಾ ಸೆಟ್ಟಿಂಗ್ 0.95 ಅಂದುಕೊಂಡರೆ, ಲಗ್ ನಿಜವಾಗಿ 95 ಇದ್ದರೂ ಪರದೆ ಮೇಲೆ ಬರೋದು ಸುಮಾರು 41. ನಿಮ್ಮದು ಸರಿಯಾಗಿ 95 ಇತ್ತು ಅಂತ ಪ್ರಮಾಣ ಮಾಡಲ್ಲ, ಆದರೆ ತಣ್ಣಗಂತೂ ಇರಲಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಫೋಟೋದಲ್ಲೇ ಇತ್ತು. ಲಗ್ಗಿಗೆ ಹತ್ತಿದ ಕಡೆ ಕೇಬಲ್ 62, ದೂರ ಹೋದಂಗೆ ತಣ್ಣಗಾಗ್ತಾ ಹೋಗಿದ್ದರೆ ಶಾಖ ಬಂದಿದ್ದು ಲಗ್ ಕಡೆಯಿಂದ. 41ರ ಲಗ್ಗು 62ರ ಕೇಬಲ್ಲನ್ನ ಕಾಯಿಸೋದು ಎಲ್ಲಿಯ ಮಾತು?

ನಾನೂ ಇಷ್ಟು ವರ್ಷ ಹೊಳೆಯೋ ಬಸ್‌ಬಾರ್ ಮೇಲೆ ಗುರಿ ಇಟ್ಟು ‘ನಾರ್ಮಲ್’ ಅಂತ ಬರೆದುಕೊಟ್ಟವನೇ. ಈಗ ಹಳೇ ರಿಪೋರ್ಟ್ ತೆಗೆಯೋಕೆ ಕೈ ಬರ್ತಿಲ್ಲ.

ಒಂದು ವಿಷಯ ಹೇಳಿ: ಫೋಟೋ ತೆಗೆದಾಗ ಯಾವ್ಯಾವ ಮೋಟಾರ್ ಓಡ್ತಿತ್ತು?

ರೈಸ್ ಮಿಲ್ ಎಲೆಕ್ಟ್ರಿಷಿಯನ್

ಹೌದಣ್ಣಾ, ಫೋಟೋ ಈಗ ನೋಡಿದೆ. ಲಗ್ ಹತ್ರ ಕೇಬಲ್ ಬೆಳ್ಳಗೆ, ಒಂದು ಗೇಣು ಆಚೆ ಹೋದ್ರೆ ಕೆಂಪು, ಆಮೇಲೆ ನೀಲಿ. ಅವತ್ತು ಪಾಲಿಶರ್ ಬಂದ್ ಇತ್ತು, ಎಲಿವೇಟರ್ ಮತ್ತೆ ಬ್ಲೋವರ್ ಅಷ್ಟೇ. ಕ್ಲ್ಯಾಂಪ್ ಮೀಟರ್‌ನಾಗೆ 60 ಆಂಪ್. ಸೀಸನ್‌ನಾಗೆ 120ರ ತನಕ ಹೋಗ್ತೈತಿ.

ಮೇಂಟೆನೆನ್ಸ್ ಇಂಜಿನಿಯರ್, ಹರಿಹರ

ಇಷ್ಟು ದೊಡ್ಡ ಕಥೆ ಯಾಕ್ರೀ? ಕ್ಯಾಮೆರಾ ಮೆನುವಿನಲ್ಲಿ ಎಮಿಸಿವಿಟಿ 0.1 ಇಟ್ಟರೆ ಮುಗೀತು. ಅದಕ್ಕೇ ಅಲ್ವೇ ಆ ಆಪ್ಷನ್ ಕೊಟ್ಟಿರೋದು?

ಕಂಡಿಷನ್ ಮಾನಿಟರಿಂಗ್ ಟೆಕ್ನಿಷಿಯನ್

ಸರ್, ನಿಮ್ಮ ಮಾತು ಪುಸ್ತಕದ ಪ್ರಕಾರ ಸರಿ, ಪ್ಯಾನೆಲ್ ಮುಂದೆ ಕೈಕೊಡುತ್ತೆ. ಆ ಲಗ್ 0.1 ಅಂತ ಯಾರು ಹೇಳಬೇಕು? ಮೇಲಿನ ಅದೇ 95ರ ಲಗ್ಗಿಗೆ ನೀವು 0.07 ಇಟ್ಟರೆ 114 ಬರುತ್ತೆ, 0.15 ಇಟ್ಟರೆ 78. ಬೆರಳ ಗುರುತು ಬಿದ್ದರೂ, ತಾಮ್ರ ಸ್ವಲ್ಪ ಕಪ್ಪಾದರೂ ಆ ಸಂಖ್ಯೆ ಅತ್ತಿತ್ತ ಆಗುತ್ತೆ. ಹೊಳೆಯೋ ಲೋಹದ ಮೇಲೆ ಡಿಗ್ರಿ ಬರೆಯೋದನ್ನೇ ಈಗ ನಾನು ಬಿಟ್ಟಿದ್ದೀನಿ.

ಅದರ ಬದಲು ಟೇಪ್. ಶಟ್‌ಡೌನ್ ತಗೊಂಡು, ಲೈನ್ ಸತ್ತಿದೆ ಅಂತ ಟೆಸ್ಟರ್ ಹಿಡಿದು ಖಾತ್ರಿ ಮಾಡ್ಕೊಂಡು, ಮೂರೂ ಫೇಸಿನ ಲಗ್ ಕುತ್ತಿಗೆಗೆ ಕಪ್ಪು ಪಿವಿಸಿ ಟೇಪ್ ಒಂದು ತುಂಡು ಗಾಳಿ ನಿಲ್ಲದಂಗೆ ಒತ್ತಿ ಅಂಟಿಸಿ. ಬೋಲ್ಟ್ ಕೂರೋ ಜಾಗಕ್ಕೆ ಬೇಡ. ಲೋಡ್ ಕೊಟ್ಟು ಬಿಸಿ ನಿಲ್ಲೋ ತನಕ ಕಾದು, 0.95 ಇಟ್ಟು ಟೇಪ್ ಮೇಲೆ ಅಳೀರಿ. ಮೂರು ಫೇಸ್ ಒಂದಕ್ಕೊಂದು ಹೋಲಿಸಿ. ಟೇಪೇ ಮುದುರಿಕೊಂಡು ಬಂದರೆ ಕ್ಯಾಮೆರಾ ತೆಗೆಯೋದೂ ಬೇಡ, ಉತ್ತರ ಸಿಕ್ಕಿತು ಅಂತ ಅರ್ಥ. ಅಕ್ರಿಲಿಕ್ ಶೀಟ್ ಆಚೆಯಿಂದ ಮಾತ್ರ ಅಳೀಬೇಡಿ, ಕಣ್ಣಿಗೆ ಪಾರದರ್ಶಕ ಆದರೂ ಈ ಕ್ಯಾಮೆರಾಕ್ಕೆ ಅದು ಗೋಡೆ.

ಇನ್ನು ತಮ್ಮಾ, ನಿಮ್ಮ 60 ಆಂಪ್ ವಿಷಯ. ಕರೆಂಟ್ ಎರಡರಷ್ಟಾದರೆ ಜಾಯಿಂಟಿನ ಬಿಸಿ ಏರಿಕೆ ಎರಡರಷ್ಟಲ್ಲ, ಮೂರರಿಂದ ನಾಲ್ಕರಷ್ಟಾಗುತ್ತೆ. ನಂಬಬಹುದಾದ ಕೇಬಲ್ ಲೆಕ್ಕವನ್ನೇ ಹಿಡೀರಿ: 62ರಲ್ಲಿ 33 ಕಳೆದರೆ ಏರಿಕೆ 29. 120 ಆಂಪ್‌ಗೆ ಅದು 87ರಿಂದ 116. ಅದಕ್ಕೆ 33 ಕೂಡಿಸಿದರೆ ಕಡಿಮೆ ಅಂದರೂ 120 ಡಿಗ್ರಿ. ಪಿವಿಸಿ ಕೇಬಲ್ ತಡೆಯೋದು 70. ಪಾಲಿಶರ್ ಶುರು ಮಾಡಿದ್ದು ಯಾವತ್ತು, ಲಗ್ ಸುಟ್ಟಿದ್ದು ಯಾವತ್ತು, ಲಾಗ್ ಬುಕ್ ತೆಗೆದು ನೋಡಿ.

ಮಂಡಕ್ಕಿ ಭಟ್ಟಿ ಮಾಲೀಕರು, ದಾವಣಗೆರೆ

ನಮ್ಮ ಭಟ್ಟಿ ಉಸುಕಿಗೂ ಈ ಟೇಪ್ ಹಚ್ಚಬೇಕೇನ್ರೀ? ಲೇಸರ್ ಗನ್ ತಂದೀನಿ, ಒಂದೊಂದು ಸಲ ಒಂದೊಂದು ತೋರಿಸ್ತೈತಿ.

ಕಂಡಿಷನ್ ಮಾನಿಟರಿಂಗ್ ಟೆಕ್ನಿಷಿಯನ್

ಬೇಡ ಯಜಮಾನ್ರೇ, ಟೇಪ್ ಕರಗಿ ಮಂಡಕ್ಕಿಗೆ ಸೇರುತ್ತೆ! ಉಸುಕಿಗೆ ಆ ತೊಂದರೆ ಇಲ್ಲ, ಅದು ಮಸಿಯ ಜಾತಿಯದ್ದೇ. ನಿಮ್ಮ ತೊಂದರೆ ದೂರದ್ದು. ಗನ್ ಮೇಲೆ 12:1 ಅಂತ ಬರೆದಿದ್ದರೆ, 120 ಸೆಂಟಿಮೀಟರ್ ದೂರದಿಂದ ಅದು ಅಳೆಯೋದು 10 ಸೆಂಟಿಮೀಟರ್ ಅಗಲದ ಜಾಗವನ್ನ, ಕೆಂಪು ಚುಕ್ಕೆಯನ್ನಲ್ಲ. ಬಾಣಲೆ ಅಂಚು, ಜಾಲರಿ, ಹೊಗೆ ಎಲ್ಲ ಸೇರಿ ಸರಾಸರಿ ಬರುತ್ತೆ. ಕೈ ಸುಡದಷ್ಟು ಹತ್ತಿರ ಹಿಡೀರಿ, ಪ್ರತಿಸಲ ಅದೇ ದೂರದಿಂದ.

ಮೇಂಟೆನೆನ್ಸ್ ಇಂಜಿನಿಯರ್, ಹರಿಹರ

ಟೇಪ್ ಒಪ್ಪಿದೆ. ಆದ್ರೆ ಮೂಲ ಕಾರಣ ಸಡಿಲ ಬೋಲ್ಟ್. ತಿಂಗಳಿಗೊಮ್ಮೆ ಎಲ್ಲ ಬೋಲ್ಟ್ ಬಿಗಿ ಮಾಡಿಸಿ.

ಕಂಡಿಷನ್ ಮಾನಿಟರಿಂಗ್ ಟೆಕ್ನಿಷಿಯನ್

ಅಲ್ಲಿ ನನ್ನ ಅಭಿಪ್ರಾಯ ಬೇರೆ ಸರ್. ಟಾರ್ಕ್ ರೆಂಚ್ ಇಲ್ಲದೆ ತಿಂಗಳಿಗೊಮ್ಮೆ ತಿರುಗಿಸಿದರೆ ಅಲ್ಯೂಮಿನಿಯಂ ಲಗ್ ಹಿಸುಕಿಹೋಗುತ್ತೆ, ತಣ್ಣಗಾದಾಗ ಮತ್ತೆ ಸಡಿಲ. ಬೋಲ್ಟೋ, ಕೇಬಲ್ ಒತ್ತಿ ಹಿಡಿದ ಕ್ರಿಂಪೋ ಅಂತ ಸುಟ್ಟ ತುಂಡು ನೋಡದೆ ನಾನು ಹೇಳಲ್ಲ. ತಮ್ಮಾ, ಲಗ್ ಎಸೆದಿಲ್ಲ ತಾನೇ? ಕಪ್ಪಾಗಿರೋದು ಬೋಲ್ಟ್ ತೂತಿನ ಸುತ್ತವೋ, ಕೇಬಲ್ ತೂರಿಸೋ ಕೊಳವೆ ಕಡೆಯೋ?

ರೈಸ್ ಮಿಲ್ ಎಲೆಕ್ಟ್ರಿಷಿಯನ್

ಗುಜರಿ ಡಬ್ಬಿಯಾಗೈತಣ್ಣಾ. ಕೊಳವೆ ಕಡೆ ಕಪ್ಪು ಜಾಸ್ತಿ, ಕ್ರಿಂಪ್ ಗುರುತು ಒಂದೇ ಕಾಣ್ತೈತಿ. ಪಾಲಿಶರ್ ಶುರುವಾಗಿದ್ದು ಸೋಮವಾರ, ಸುಟ್ಟಿದ್ದು ಬುಧವಾರ. ಭಾನುವಾರ ಶಟ್‌ಡೌನ್ ಐತಿ, ವೈ ಫೇಸ್, ಬಿ ಫೇಸಿಗೂ ಟೇಪ್ ಹಚ್ಚಿ ಫೋಟೋ ಹಾಕ್ತೀನಿ.