ನಿಲುಗಡೆ ಅಂದರೆ ನಿಲ್ಲಿಸುವುದೋ, ಹಾಕಿ ಹೋಗುವುದೋ?

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಜೋರು ಮಳೆ. ಬೆಂಗಳೂರಿನ ಒಂದು ಅಂಡರ್‌ಪಾಸಿನೊಳಗೆ ಹತ್ತಾರು ಬೈಕಿನವರ ಜೊತೆ ನಾನೂ ನಿಂತೆ. ಎಡಗಡೆಯ ಲೇನ್ ಪೂರ್ತಿ ಮುಚ್ಚಿಹೋಯಿತು. ಹಿಂದೆ ಬಂದ ಕಾರು ಕತ್ತಲಲ್ಲಿ ನಮ್ಮನ್ನು ತಡವಾಗಿ ಕಂಡು ಸರಕ್ಕನೆ ಬಲಕ್ಕೆ ತಿರುಗಿತು. ಪಕ್ಕದ ಬಸ್ಸಿಗೆ ತಾಗುವುದು ಸ್ವಲ್ಪದರಲ್ಲೇ ತಪ್ಪಿತು. ಒಳಬರುವಲ್ಲಿ ‘ವಾಹನ ನಿಲುಗಡೆ ನಿಷೇಧ’ ಎಂಬ ಬೋರ್ಡ್ ಇತ್ತು. "ನಾವೇನು ಪಾರ್ಕ್ ಮಾಡಿದ್ದೀವಾ, ಸುಮ್ನೆ ನಿಂತಿದ್ದೀವಿ ಅಷ್ಟೆ" ಎಂದರು ಪಕ್ಕದವರು. ಒಂದು ನಿಮಿಷ ನಿಲ್ಲುವುದಕ್ಕೂ ಬಿಟ್ಟುಹೋಗುವುದಕ್ಕೂ ನಿಲುಗಡೆ ಒಂದೇ ಪದವೇ? ಬೇರೆ ಪದ ಇದೆಯೇ?

ತುಮಕೂರಿನಿಂದ:
ನಿಲುಗಡೆ ಅಂದರೆ ಪಾರ್ಕಿಂಗ್ ಮಾತ್ರ. ಚಾಲಕ ಸೀಟಿನಲ್ಲೇ ಇದ್ದರೆ ಅದು ನಿಲುಗಡೆ ಅಲ್ಲ. ನಿಮ್ಮ ಪಕ್ಕದವರು ಹೇಳಿದ್ದು ಸರಿ.

ಮೈಸೂರಿನಿಂದ:
ಪದದ ಮಟ್ಟಿಗೂ ಅದು ಅರ್ಧ ಮಾತ್ರ ಸರಿ. ‘ಈ ರೈಲಿಗೆ ಅರಸೀಕೆರೆಯಲ್ಲಿ ನಿಲುಗಡೆ ಇದೆ’ ಅನ್ನುತ್ತೇವೆ. ಅಲ್ಲಿ ರೈಲು ನಿಂತು, ಜನ ಹತ್ತಿದ ಕೂಡಲೇ ಹೊರಡುತ್ತದೆ, ಅಲ್ವಾ? ಎರಡೂ ಅರ್ಥ ಇರುವುದೇ ತೊಂದರೆ. ಚಿತ್ರದ ಬೋರ್ಡಿನಲ್ಲಿ ಈ ಗೊಂದಲ ಇಲ್ಲ. ನೀಲಿ ವೃತ್ತದ ಮೇಲೆ ಒಂದೇ ಓರೆ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಬೇಡ. ಎರಡು ಗೆರೆ ಅಡ್ಡಹಾಯ್ದಿದ್ದರೆ ನಿಲ್ಲಿಸಲೇಬಾರದು. ಅಲ್ಲಿ ಯಾರನ್ನಾದರೂ ಇಳಿಸಲಿಕ್ಕೂ ನಿಲ್ಲಿಸುವಂತಿಲ್ಲ. ನಿಮ್ಮ ಅಂಡರ್‌ಪಾಸಿಗೆ ಬೇಕಿದ್ದದ್ದು ಎರಡನೆಯದು.

ಮಾತಿನಲ್ಲಿ ಇದಕ್ಕೆ ಬೇರೆ ಬೇರೆ ಕ್ರಿಯಾಪದ ಇವೆ. ‘ಗಾಡಿ ಎಲ್ಲಿ ಹಾಕಿದೆ?’ ಅಂದರೆ ಪಾರ್ಕಿಂಗ್. ‘ಗಾಡಿ ನಿಲ್ಲಿಸು’ ಅಂದರೆ ಆ ಗಳಿಗೆಗೆ ತಡೆ. ಹಾಗಾಗಿ ಅಂಡರ್‌ಪಾಸಿಗೆ ‘ಒಳಗೆ ಗಾಡಿ ನಿಲ್ಲಿಸಬೇಡಿ’ ಸಾಕು, ರಸ್ತೆಬದಿಗೆ ‘ಇಲ್ಲಿ ಗಾಡಿ ಹಾಕಬೇಡಿ’.

ಹಾಸನದಿಂದ, ಟ್ಯಾಕ್ಸಿ ಓಡಿಸುವವನು:
ಗಾಡಿ ಕೆಟ್ಟರೆ ಏನು ಮಾಡೋದು ಸಾರ್? ನನ್ನದು ಒಮ್ಮೆ ಫ್ಲೈಓವರ್ ಏರಿನಲ್ಲೇ ನಿಂತುಹೋಯಿತು. ದಂಡ ಹಾಕ್ತಾರಾ?

ಮೈಸೂರಿನಿಂದ:
ದಂಡದ ವಿಷಯ ಬೇರೆ. ಆದರೆ ಪದ ನೀವೇ ಕೊಟ್ಟಿರಿ. ‘ನಿಂತುಹೋಯಿತು’ ಅಂದಿರಿ, ‘ನಿಲ್ಲಿಸಿದೆ’ ಅನ್ನಲಿಲ್ಲ. ಬೋರ್ಡು ತಡೆಯಬೇಕಾದದ್ದು ನಿಲ್ಲಿಸುವುದನ್ನು. ಕೆಟ್ಟು ನಿಂತಾಗ ಹಜಾರ್ಡ್ ಲೈಟ್ ಹಾಕಿ, ಆದಷ್ಟು ಅಂಚಿಗೆ ಸರಿಸಿ, ಹಿಂದಿನವರಿಗೆ ದೂರದಿಂದಲೇ ಕಾಣುವ ಹಾಗೆ ಮಾಡಬೇಕು. ಅಟಲ್ ಸುರಂಗ 9.02 ಕಿ.ಮೀ. ಉದ್ದ, ಅಲ್ಲಿ ಪ್ರತಿ 150 ಮೀಟರಿಗೊಂದು ಫೋನ್ ಇಟ್ಟಿರುವುದು ಇಂಥ ತುರ್ತಿಗೇ.

ಹುಬ್ಬಳ್ಳಿಯಿಂದ:
ಫ್ಲೈಓವರ್ ರ‍್ಯಾಂಪ್ ಕವಲೊಡೆಯುವ ಕಡೆಯೂ ಇದೇ ಕಥೆ. ಮೇಲೆ ಹೋಗಲೋ ಕೆಳಗೆ ಹೋಗಲೋ ಎಂದು ಜನ ಕವಲಿನ ಮೂತಿಯಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಅಖಂಡ ಬಿಳಿ ಗೆರೆ ದಾಟಿ ಲೇನ್ ಬದಲಿಸುತ್ತಾರೆ. ಗೆರೆ ತುಂಡುತುಂಡಾಗಿರುವಾಗಲೇ ಬದಲಿಸಬೇಕು. ದಾರಿ ತಪ್ಪಿದರೆ ಮುಂದೆ ಹೋಗಿ ತಿರುಗಿ ಬನ್ನಿ. ಆದರೆ ನಮ್ಮ ಕಡೆ ‘ಗಾಡಿ ಹಚ್ಚು’ ಅಂತೀವಿ, ‘ಹಾಕು’ ಜಾಸ್ತಿ ಕೇಳಿಸೋದಿಲ್ಲ. ಇಡೀ ನಾಡಿಗೆ ಒಂದೇ ಬೋರ್ಡ್ ಅಂದರೆ ಯಾವ ಪದ ಬರೆಯೋದು?