ತಾಳೆಪಟ್ಟಿ ಸರಿಬಂದ ಮೇಲೂ ಉಳಿಯುವ ತಪ್ಪಿಗೆ ಯಾವ ಪದ?

ಅನುವಾದಕಿ, ಕಲಬುರಗಿ: ಮಾನ್ಯರೇ, ಬೇಳೆ ಮಿಲ್ಲುಗಳ ಗುಮಾಸ್ತರಿಗೆಂದು ಅನುವಾದಿಸುತ್ತಿರುವ ಕೈಪಿಡಿ ನಾಳೆ ಮುದ್ರಣಕ್ಕೆ ಹೋಗಬೇಕಿದೆ. ಅದರಲ್ಲೊಂದು ಉದಾಹರಣೆಯಿದೆ: 60,000 ರೂಪಾಯಿಯ ಮೋಟಾರನ್ನು ಯಂತ್ರಗಳ ಖಾತೆಗೆ ಬರೆಯುವ ಬದಲು ದುರಸ್ತಿ ಖಾತೆಗೆ ಬರೆಯಲಾಗಿದೆ, ಆದರೂ ತಾಳೆಪಟ್ಟಿ ಸರಿಬಂದಿದೆ. ಇದನ್ನು ‘ತತ್ವದೋಷ’ ಎನ್ನಬಹುದೇ? ಗುಮಾಸ್ತರಿಗೆ ಅದು ವೇದಾಂತದ ಮಾತಿನಂತೆ ಕೇಳಿಸೀತೆಂಬ ಅಳುಕಿದೆ.

ಕಿರಾಣಿ ವ್ಯಾಪಾರಿ, ಯಾದಗಿರಿ: ನಮ್ಮಲ್ಲಿಯೂ ಹೀಗೆಯೇ ಆಗಿತ್ತು. ತಾಳೆಪಟ್ಟಿಯಲ್ಲಿ 540 ರೂಪಾಯಿ ವ್ಯತ್ಯಾಸ ಬಂದಿತ್ತು. ಅದು 9ರಿಂದ ಭಾಗವಾಗುವುದನ್ನು ನೋಡಿ ಅಂಕಿ ಅದಲುಬದಲಾಗಿರಬೇಕೆಂದು ಹುಡುಕಿದಾಗ, 1,280 ಎಂಬುದನ್ನು ಖಾತೆಯಲ್ಲಿ 1,820 ಎಂದು ಬರೆದದ್ದು ಸಿಕ್ಕಿತು.

ನಿವೃತ್ತ ಲೆಕ್ಕಪರಿಶೋಧಕ, ಬೀದರ್: ಅದು ತಾಳೆಪಟ್ಟಿಯೇ ಹಿಡಿದುಕೊಟ್ಟ ತಪ್ಪು, ಇಲ್ಲಿ ಕೇಳಿರುವುದು ಅದು ಹಿಡಿಯಲಾರದ್ದನ್ನು. ಎರಡು ಬದಿಯ ಮೊತ್ತ ಸಮವೇ ಎಂಬುದನ್ನಷ್ಟೇ ತಾಳೆಪಟ್ಟಿ ನೋಡುತ್ತದೆ. 60,000 ಡೆಬಿಟ್ ಯಾವ ಖಾತೆಯಲ್ಲಿ ಕುಳಿತರೂ ಬದಿ ಅದೇ ಆದ್ದರಿಂದ ಮೊತ್ತ ಕದಲುವುದಿಲ್ಲ. ಆದರೆ ಇಡೀ 60,000 ಈ ವರ್ಷದ ವೆಚ್ಚವಾಗಿಬಿಡುತ್ತದೆ. ಸರಿಯಾಗಿ ಬರೆದಿದ್ದರೆ ಶೇ 15ರಂತೆ ಪೂರ್ತಿ ವರ್ಷದ ಸವಕಳಿ 9,000 ಮಾತ್ರ ವೆಚ್ಚವಾಗುತ್ತಿತ್ತು. ಹೀಗಾಗಿ ಲಾಭವೂ ಯಂತ್ರಗಳ ಮೌಲ್ಯವೂ 51,000 ಕಡಿಮೆ ಕಾಣುತ್ತವೆ. ಇದನ್ನು ಕಂಡುಹಿಡಿಯಬೇಕಾದರೆ ಕಳೆದ ವರ್ಷದ ದುರಸ್ತಿ ವೆಚ್ಚವನ್ನು ಪಕ್ಕದಲ್ಲಿಟ್ಟು ನೋಡಬೇಕು. ಒಮ್ಮೆಲೇ ಏರಿದ್ದರೆ ದೊಡ್ಡ ಮೊತ್ತದ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ಓದಬೇಕು.

ಕನ್ನಡ ಉಪನ್ಯಾಸಕ, ಕಲಬುರಗಿ: ‘ತತ್ವ’, ‘ದೋಷ’ ಎರಡೂ ಎರವಲು. ‘ಬಗೆತಪ್ಪು’ ಎಂದರೆ ಸಾಕು, ಏಕೆಂದರೆ ತಪ್ಪು ಖಾತೆಗೆ ಹೋದದ್ದೆಲ್ಲವೂ ಬಗೆ ತಪ್ಪಿದ್ದೇ. ‘ಜಮಾ’, ‘ಖರ್ಚು’, ‘ಬಾಕಿ’ಗಳನ್ನೂ ಇದೇ ಸಂದರ್ಭದಲ್ಲಿ ಕೈಬಿಡುವುದು ಒಳಿತು.

ನಿವೃತ್ತ ಲೆಕ್ಕಪರಿಶೋಧಕ, ಬೀದರ್: ಒಪ್ಪಲಾರೆ. ಒಬ್ಬ ಗಿರಾಕಿಯ ಬಾಕಿಯನ್ನು ಇನ್ನೊಬ್ಬ ಗಿರಾಕಿಯ ಖಾತೆಗೆ ಬರೆದರೂ ತಾಳೆಪಟ್ಟಿ ಸರಿಬರುತ್ತದೆ, ಆದರೆ ಅಲ್ಲಿ ಬಗೆ ತಪ್ಪಿರುವುದಿಲ್ಲ. ಇಬ್ಬರೂ ನಮಗೆ ಕೊಡಬೇಕಾದವರೇ ಆದ್ದರಿಂದ ಲಾಭ ಬದಲಾಗದು. ವಸೂಲಿಗೆ ಹೋದಾಗಲಷ್ಟೇ ಜಗಳವಾಗುತ್ತದೆ. ಆಸ್ತಿಯು ವೆಚ್ಚವಾಗುವುದು, ವೆಚ್ಚವು ಆಸ್ತಿಯಾಗುವುದು, ಇವಕ್ಕೆ ಮಾತ್ರ ‘ಬಗೆತಪ್ಪು’ ಎನ್ನುವುದಾದರೆ ಪದಕ್ಕೆ ನನ್ನ ತಕರಾರಿಲ್ಲ. ಜಮಾ, ಖರ್ಚು ಬಿಡಿಸುವ ಮಾತು ಬೇಡ. ಉರ್ದು ಕಾಗದಪತ್ರಗಳ ಕಾಲದಿಂದ ಈ ಭಾಗದ ಅಂಗಡಿಗಳ ಲೆಕ್ಕ ನಡೆದಿರುವುದೇ ಆ ಪದಗಳಲ್ಲಿ.

ಕನ್ನಡ ಉಪನ್ಯಾಸಕ, ಕಲಬುರಗಿ: ರೂಢಿಯಿದೆ ಎಂಬುದೊಂದೇ ಸಮರ್ಥನೆಯಾಗದು.

ಅನುವಾದಕಿ, ಕಲಬುರಗಿ: ಹಾಗಾದರೆ ಶೀರ್ಷಿಕೆಯಲ್ಲಿ ‘ಖಾತೆಯ ಬಗೆ ತಪ್ಪಿದ ನಮೂದು’ ಎಂದು ಬಿಡಿಸಿಯೇ ಬರೆಯುತ್ತೇನೆ. ಇನ್ನೊಂದು ಸಂಶಯ: ಮೂಲದಲ್ಲಿ ಆ ಮೋಟಾರು ಸುಟ್ಟುಹೋದ ಹಳೆಯ ಮೋಟಾರಿನ ಬದಲಿಗೆ ತಂದದ್ದು ಎಂದಿದೆ.

ನಿವೃತ್ತ ಲೆಕ್ಕಪರಿಶೋಧಕ, ಬೀದರ್: ಅದನ್ನು ಮೊದಲೇ ಹೇಳಬೇಕಿತ್ತು, ತಾಯಿ. ಯಂತ್ರದ ಒಂದು ಭಾಗ ಕೆಟ್ಟಾಗ ಅಂಥದ್ದನ್ನೇ ಹಾಕಿದರೆ ಅದು ದುರಸ್ತಿಯೇ ಎಂದು ವಾದಿಸಲು ಅವಕಾಶವಿದೆ. ಆಗ ನಿಮ್ಮ ಉದಾಹರಣೆಯಲ್ಲಿ ತಪ್ಪೇ ಇರಲಿಕ್ಕಿಲ್ಲ. ಮೋಟಾರು ತೆಗೆದು, ಹೊಸದಾಗಿ ಕೊಂಡ ಹೆಚ್ಚುವರಿ ಜರಡಿ ಯಂತ್ರವೆಂದು ಬರೆಯಿರಿ.