ಫೋಟೊ ಕೆಳಗಿನ ಹೆಸರು ತಪ್ಪಿದರೆ ಕೇಳಬೇಕಾದದ್ದು ಸ್ಪಷ್ಟನೆಯೋ, ತಿದ್ದುಪಡಿಯೋ?

ಗದಗದಿಂದ:
ಸಂಜೆಯೊಳಗೆ ಸಂಪಾದಕರಿಗೆ ಮೇಲ್ ಹೋಗಬೇಕು. ಊರಲ್ಲಿ ನಡೆದ ಸನ್ಮಾನದ ಫೋಟೊ ನಿನ್ನೆಯ ಪೇಪರಿನಲ್ಲಿ ಬಂದಿದೆ. ಕಾಕಾ ಎಡದಿಂದ ಮೂರನೆಯವರು, ಅಲ್ಲಿ ಬೇರೆಯವರ ಹೆಸರಿದೆ. ‘ಚಿತ್ರಶೀರ್ಷಿಕೆಯ ತಪ್ಪಿಗೆ ಸ್ಪಷ್ಟನೆ ಪ್ರಕಟಿಸಿ’ ಎಂದು ಬರೆದಿದ್ದೇನೆ. ಸರಿ ಇದೆಯಾ?

ಹಾವೇರಿಯಿಂದ:
ಇಲ್ಲ. ಶೀರ್ಷ ಎಂದರೆ ತಲೆ. ಫೋಟೊದ ಕಾಲ ಬುಡದಲ್ಲಿರುವ ಸಾಲಿಗೆ ತಲೆ ಎಂದು ಯಾಕೆ ಕರೆಯಬೇಕು? ‘ಅಡಿಬರಹ’ ಅನ್ನಿ.

ಹುಬ್ಬಳ್ಳಿಯಿಂದ:
ನಾನು ಡೆಸ್ಕಿನಲ್ಲಿ ಕೆಲಸ ಮಾಡಿದವನು. ನಾವು ಅದಕ್ಕೆ ಕ್ಯಾಪ್ಷನ್ ಅಂತಲೇ ಅನ್ನುತ್ತಿದ್ದೆವು. ‘ಫೋಟೊ ಕೆಳಗಿನ ಸಾಲು’ ಎಂದು ಬರೆದರೂ ನಡೆಯುತ್ತದೆ. ಆದರೆ ‘ಸ್ಪಷ್ಟನೆ’ ತೆಗೆಯಿರಿ. ಬರೆದದ್ದು ಸರಿಯಿದ್ದು ಓದುಗರಿಗೆ ಗೊಂದಲವಾಗಿದ್ದರೆ ಅದು ಸ್ಪಷ್ಟನೆ. ಇಲ್ಲಿ ಬರೆದದ್ದೇ ತಪ್ಪು, ಹಾಗಾಗಿ ‘ತಿದ್ದುಪಡಿ’. ಅಂದಹಾಗೆ, ಫೋಟೊದಲ್ಲಿ ಎಷ್ಟು ಜನ? ಸಾಲಿನಲ್ಲಿ ಎಷ್ಟು ಹೆಸರು?

ರಾಣೆಬೆನ್ನೂರಿನಿಂದ:
ನಮ್ಮ ಉತಾರದಲ್ಲೂ ಅಪ್ಪನ ಹೆಸರು ತಪ್ಪಿತ್ತು. ತಹಶೀಲ್ದಾರ್ ಕಚೇರಿಗೆ ಅಫಿಡವಿಟ್ ಕೊಟ್ಟು ಅಲೆದಾಡಿದೆ. ಸುಮ್ನೆ ಪತ್ರ ಬರೆದರೆ ಆಗುವುದಿಲ್ಲ, ಆಧಾರ್ ಜೆರಾಕ್ಸ್ ಲಗತ್ತಿಸಿ.

ಹುಬ್ಬಳ್ಳಿಯಿಂದ:
ಇದು ಉತಾರ ಅಲ್ಲ.

ಗದಗದಿಂದ:
ಈಗ ಎಣಿಸಿದೆ. ಆರು ಜನ, ಐದೇ ಹೆಸರು!

ಹುಬ್ಬಳ್ಳಿಯಿಂದ:
ಅದೇ ನನ್ನ ಅನುಮಾನವಾಗಿತ್ತು. ಎರಡನೆಯವರ ಹೆಸರು ಬಿಟ್ಟುಹೋಗಿರಬೇಕು. ಹಾಗಾದರೆ ಅಲ್ಲಿಂದ ಮುಂದೆ ಎಲ್ಲ ಹೆಸರೂ ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತವೆ. ಕಾಕಾನ ಹೆಸರೊಂದನ್ನೇ ತಿದ್ದಿಸಿದರೆ ನಾಳೆ ಇನ್ನೊಬ್ಬರು ಪತ್ರ ಬರೆಯುತ್ತಾರೆ. ಇಡೀ ಸಾಲನ್ನು ಎಡದಿಂದ ಸರಿಯಾಗಿ ಬರೆದು ಕೊಡಿ. ತಾರೀಖು, ಯಾವ ಆವೃತ್ತಿ, ಪುಟ, ಅಚ್ಚಾದ ಸಾಲು ಇದ್ದ ಹಾಗೇ, ಆಮೇಲೆ ಸರಿಯಾದ ಸಾಲು. ಜಿಲ್ಲಾ ಪುಟ ಊರೂರಿಗೆ ಬೇರೆ ಇರುತ್ತದೆ, ಆವೃತ್ತಿ ಹೇಳದಿದ್ದರೆ ಹುಡುಕುವುದು ಕಷ್ಟ. ವೆಬ್‌ಸೈಟಿನಲ್ಲೂ ಸರಿಪಡಿಸಿ ಎಂದು ಸೇರಿಸಿ. ಸಿಟ್ಟು ಬೇಡ, ‘ವಿಷಾದ’ ಅವರು ಬರೆಯುವ ಪದ. ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯ ಮೇಲಾದರೆ ಪ್ರಕಟವಾದ 2 ತಿಂಗಳೊಳಗೆ. ಮೊದಲು ಸಂಪಾದಕರಿಗೇ ಬರೆದಿರಬೇಕು, ಆ ಮೇಲ್ ಜೋಪಾನ.

ಧಾರವಾಡದಿಂದ:
‘ತಿದ್ದುಪಡಿ’ಗೆ ನನ್ನದೂ ಒಪ್ಪಿಗೆ. ಹಳಗನ್ನಡದ ‘ತಿರ್ದು’ವೇ ‘ತಿದ್ದು’ ಆಗಿದ್ದು, ‘ಇರ್ದು’ ‘ಇದ್ದು’ ಆದ ಹಾಗೆ. ತಮಿಳಿನ ‘ತಿರುತ್ತು’ ಇದರ ಬಳಗ. ‘ಸ್ಪಷ್ಟನೆ’ಗಿಂತ ಎಷ್ಟು ಹಳೆಯ ಬೇರು ನೋಡಿ.

ಗದಗದಿಂದ:
ಕಳಿಸಿದೆ: ‘ತಮ್ಮ ಪತ್ರಿಕೆಯ ಗದಗ ಆವೃತ್ತಿಯ 3ನೇ ಪುಟದ ಫೋಟೊದಲ್ಲಿ ಒಂದು ಹೆಸರು ಬಿಟ್ಟುಹೋಗಿ, ಉಳಿದವು ಸ್ಥಾನ ತಪ್ಪಿವೆ. ಸರಿಯಾದ ಸಾಲು ಕೆಳಗಿದೆ. ಮುದ್ರಿತ ಪತ್ರಿಕೆಯಲ್ಲಿ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ, ವೆಬ್‌ಸೈಟಿನಲ್ಲೂ ಸರಿಪಡಿಸಬೇಕೆಂದು ಕೋರುತ್ತೇನೆ.’ ಮೇಲೆ ದಿನಾಂಕ ಹಾಕಿದ್ದೇನೆ.

ಹಾವೇರಿಯಿಂದ:
‘ದಿನಾಂಕ’ ಸಂಸ್ಕೃತ. ‘ಪುಟ’ ಕೂಡ.

ಹುಬ್ಬಳ್ಳಿಯಿಂದ:
‘ತಾರೀಖು’ ಅರಬ್ಬಿಯಿಂದ ಬಂದದ್ದು. ಹಾಗಾದರೆ ಪೇಪರ್ ಯಾವತ್ತಿನದು ಅಂತ ಹೇಗೆ ಹೇಳೋದು?

ಹಾವೇರಿಯಿಂದ:
‘ನಾಳು’ ಇತ್ತಲ್ಲ. ಬಿಟ್ಟವರು ನೀವೇ.